ಪುಣೆಯಲ್ಲಿ ಹುಟ್ಟಿದ ಕೂಸಿನ ಜನನ ನೋಂದಣಿ: ಹೊತ್ತಿಗೆ ಆದರೆ ಹೇಗೆ, ತಡವಾದರೆ ಹೇಗೆ

ಪುಣೆಯಲ್ಲಿ ನೆಲೆಸಿದ ವಿಜಯಪುರ, ಕಲಬುರಗಿ ಕಡೆಯವರ ಅರ್ಜಿ ತುಂಬಿಕೊಡುವಾಗ ನಾನು ಮೊದಲು ಕೇಳುವುದು, ಕೂಸು ಹುಟ್ಟಿದ ಆಸ್ಪತ್ರೆ ಯಾರ ಹದ್ದಿನಲ್ಲಿದೆ ಅಂತ. ಜನನ ದಾಖಲಾಗುವುದು ಹುಟ್ಟಿದ ಜಾಗದಲ್ಲಿ, ಅಪ್ಪ-ಅಮ್ಮ ಇರುವ ಊರಲ್ಲಿ ಅಲ್ಲ. ಕೋಥರೂಡ್‌ನ ಆಸ್ಪತ್ರೆಯಾದರೆ ಪುಣೆ ಮಹಾನಗರ ಪಾಲಿಕೆ, ಚಿಂಚವಡವಾದರೆ ಪಿಂಪ್ರಿ-ಚಿಂಚವಡ ಪಾಲಿಕೆ, ಖಡಕಿ ದಂಡು ಪ್ರದೇಶವಾದರೆ ಅಲ್ಲಿನ ಕಂಟೋನ್ಮೆಂಟ್ ಮಂಡಳಿ. ಹೆರಿಗೆಗೆಂದು ತವರಿಗೆ ಹೋಗಿ ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಹೆತ್ತಿದ್ದರೆ ಪುಣೆಯ ಕಚೇರಿಯಲ್ಲಿ ಎಷ್ಟು ಅಲೆದರೂ ಉಪಯೋಗವಿಲ್ಲ. ಅದು ಕರ್ನಾಟಕದ ದಾಖಲೆ, ಅಲ್ಲಿಂದಲೇ ತರಬೇಕು.

ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ವಿವರ ಕಳಿಸುವುದು ಆಸ್ಪತ್ರೆಯವರ ಕೆಲಸ, ಮನೆಯಲ್ಲಿ ಹುಟ್ಟಿದರೆ ಮನೆಯ ಹಿರಿಯರದು. 21 ದಿನದೊಳಗೆ ಹೋದರೆ ಶುಲ್ಕವಿಲ್ಲ. ಮನೆಯವರ ಪಾಲಿಗೆ ಉಳಿಯುವುದು ಆಸ್ಪತ್ರೆಯ ಫಾರಂ ಮೇಲೆ ಕಣ್ಣಿಡುವುದು, ತೊಂದರೆ ಬಹುತೇಕ ಅಲ್ಲೇ ಶುರುವಾಗುತ್ತದೆ. ಅಪ್ಪನ ಆಧಾರ್ ಊರಲ್ಲಿ ಮಾಡಿಸಿದ್ದು, ಅದರಲ್ಲಿ 'ಬಸವರಾಜ ಎಸ್ ಹಿರೇಮಠ' ಎಂದಿದೆ ಅನ್ನಿ. ಇಲ್ಲಿನ ಸಿಬ್ಬಂದಿ ಮರಾಠಿ ರೂಢಿಯಂತೆ ಇನಿಷಿಯಲ್ ಬಿಡಿಸಿ 'ಬಸವರಾಜ ಶಿವಪ್ಪ ಹಿರೇಮಠ' ಎಂದು ಬರೆದುಬಿಡುತ್ತಾರೆ. ಬರೆದದ್ದು ಸುಳ್ಳಲ್ಲ, ಆದರೆ ಮುಂದೆ ಪಾಸ್‌ಪೋರ್ಟ್ ಮಾಡಿಸುವಾಗ ಎರಡು ಕಾಗದ ಹೊಂದದೆ ಪ್ರಶ್ನೆ ಏಳುತ್ತದೆ. ತಾಯಿಯ ಹೆಸರಲ್ಲೂ ಇದೇ ಕಥೆ: ಒಂದು ಕಾಗದದಲ್ಲಿ ತವರಿನ ಅಡ್ಡಹೆಸರು, ಇನ್ನೊಂದರಲ್ಲಿ ಗಂಡನ ಮನೆಯದು. ಡಿಸ್ಚಾರ್ಜ್ ಆಗುವ ಮೊದಲೇ ಇಬ್ಬರ ಆಧಾರ್ ಪ್ರತಿ ಕೊಟ್ಟು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ತಾಳೆ ನೋಡಿ ಸಹಿ ಹಾಕಿ. ಹೆರಿಗೆ ಹೊತ್ತಿನ ವಿಳಾಸಕ್ಕೂ ಕಾಯಂ ವಿಳಾಸಕ್ಕೂ ಫಾರಂನಲ್ಲಿ ಬೇರೆ ಬೇರೆ ಜಾಗವಿದೆ, ಊರಿನ ವಿಳಾಸವನ್ನು ಎರಡನೆಯದರಲ್ಲಿ ಬರೆಸಬಹುದು.

ತೊಟ್ಟಿಲಿಗೆ ಹಾಕುವ ಮುಂಚೆ ಹೆಸರೆಲ್ಲಿಂದ ತರೋಣ ಅಂತ ಕೆಲವರು ನೋಂದಣಿಯನ್ನೇ ತಡೆಹಿಡಿಯುತ್ತಾರೆ. ಹಾಗೆ ಮಾಡಬಾರದು. ಹೆಸರಿನ ಜಾಗ ಖಾಲಿ ಬಿಟ್ಟೇ ನೋಂದಣಿಯಾಗುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಒಮ್ಮೆ ಸೇರಿಸಿದ ಹೆಸರನ್ನು ಮನಸ್ಸು ಬದಲಾಯಿತೆಂದು ತಿರುಗಿಸುವುದು ಮಾತ್ರ ಸುಲಭವಲ್ಲ. ಮನೆಯವರೆಲ್ಲ ಒಪ್ಪಿದ ಮೇಲೆಯೇ ಕೊಡಿ.

ಗಡುವಿನ ಲೆಕ್ಕ ಹೀಗೆ. ಕೂಸು 2024ರ ಮಾರ್ಚ್ 5ರಂದು ಹುಟ್ಟಿತು ಅನ್ನೋಣ. ಮಾರ್ಚ್ 26ರವರೆಗೆ ಮಾಮೂಲಿ ನೋಂದಣಿ. ಏಪ್ರಿಲ್ 4ರವರೆಗೆ, ಅಂದರೆ 30 ದಿನದೊಳಗೆ, ತಡದ ಶುಲ್ಕ ಕಟ್ಟಿದರೆ ಸಾಕು. ಆಮೇಲೆ, ಹುಟ್ಟಿ ಒಂದು ವರ್ಷ ತುಂಬುವವರೆಗೆ, ಜಿಲ್ಲಾ ನೋಂದಣಾಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿತೋ, ಜಿಲ್ಲಾಧಿಕಾರಿ, ಪ್ರಾಂತಾಧಿಕಾರಿ ಅಥವಾ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶವೇ ಆಗಬೇಕು. ಜನನ-ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿಗೆ ಮುಂಚೆ ಇದಕ್ಕೆ ಕೋರ್ಟಿನ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬೇಕಿತ್ತು.

ಮುಂದೆ ಅದೇ ಕೂಸಿಗೆ ಶಾಲೆ ಸೇರಿಸುವ ವಯಸ್ಸಾಯಿತು, ಮನೆಯಲ್ಲಿ ಜನ್ಮದಾಖಲೆ ಇಲ್ಲ ಅನ್ನೋಣ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಯ ದಾಖಲಾತಿಗೂ ಆಧಾರ್‌ಗೂ ಹುಟ್ಟಿದ ದಿನದ ಪುರಾವೆ ಅದೊಂದೇ. ಹಾಗಂತ ನೇರವಾಗಿ ಪ್ರಾಂತ ಕಚೇರಿಗೆ ಓಡುವುದು ಬೇಡ. ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಅವರು ಆಗಲೇ ವಿವರ ಕಳಿಸಿರುವ ಸಾಧ್ಯತೆಯೇ ಹೆಚ್ಚು. 'ದಾಖಲೆ ಸಿಗಲಿಲ್ಲ' ಎಂಬ ಉತ್ತರ ಬರುವುದು ಕೂಸಿನ ಹೆಸರು ಕೊಟ್ಟು ಹುಡುಕಿಸಿದಾಗ, ಏಕೆಂದರೆ ದಾಖಲೆಯಲ್ಲಿ ಕೂಸಿಗೆ ಹೆಸರೇ ಇರುವುದಿಲ್ಲ. ಡಿಸ್ಚಾರ್ಜ್ ಚೀಟಿ ಹಿಡಿದುಕೊಂಡು ಹೋಗಿ ಹುಟ್ಟಿದ ದಿನ, ಆಸ್ಪತ್ರೆ, ತಾಯಿಯ ಹೆಸರು ಕೊಟ್ಟು ಹುಡುಕಿಸಿ. ಆಗಲೂ ಸಿಗದಿದ್ದರೆ ತಾಯಿಯ ತವರಿನ ಅಡ್ಡಹೆಸರು ಹೇಳಿ ನೋಡಿ. ಸಿಕ್ಕಿತೆಂದರೆ ಅದು ತಡವಾದ ನೋಂದಣಿಯೇ ಅಲ್ಲ, ಹೆಸರು ಸೇರಿಸುವ ಅರ್ಜಿ ಅಷ್ಟೇ. ಸಿಕ್ಕ ದಾಖಲೆಯಲ್ಲಿ ಅಕ್ಷರ ತಪ್ಪಿದ್ದರೆ ನೋಂದಣಾಧಿಕಾರಿಯೇ ಅಂಚಿನಲ್ಲಿ ಬರೆದು ತಿದ್ದುತ್ತಾರೆ, ಮೂಲ ಬರಹವನ್ನು ಅಳಿಸುವುದಿಲ್ಲ.

ನಿಜಕ್ಕೂ ದಾಖಲೆಯೇ ಇಲ್ಲವಾದರೆ ಹಾಗೆಂದು ನೋಂದಣಾಧಿಕಾರಿಯಿಂದ ಅಲಭ್ಯತಾ ಪ್ರಮಾಣಪತ್ರ ಪಡೆಯಿರಿ. ಅದರ ಜೊತೆ ಡಿಸ್ಚಾರ್ಜ್ ಚೀಟಿ, ಲಸಿಕೆ ಕಾರ್ಡು, ತಂದೆ-ತಾಯಿಯ ಗುರುತಿನ ಕಾಗದಗಳನ್ನಿಟ್ಟು ದಂಡಾಧಿಕಾರಿಗೆ ಅರ್ಜಿ ಕೊಡಬೇಕು. ಸುಳ್ಳು ಪುರಾವೆಯ ದೂರುಗಳು ಎದ್ದ ಮೇಲೆ ಮಹಾರಾಷ್ಟ್ರ ಸರ್ಕಾರ 2025ರಲ್ಲಿ ಈ ಹಂತವನ್ನು ಬಿಗಿ ಮಾಡಿದೆ, ಪೊಲೀಸ್ ವಿಚಾರಣೆಯೂ ನಡೆಯುತ್ತದೆ. ಯಾವ ಕಾಗದದಲ್ಲೂ ಹುಟ್ಟಿದ ದಿನ ಹಿಂದೆಮುಂದೆ ಇರಬಾರದು. ಲಸಿಕೆ ಕಾರ್ಡಿನಲ್ಲಿ ನರ್ಸಮ್ಮ ಅವಸರಕ್ಕೆ 5ರ ಬದಲು 6 ಬರೆದಿದ್ದರೆ ಅರ್ಜಿಗೆ ಮುಂಚೆಯೇ ಅಲ್ಲಿ ಹೋಗಿ ಸರಿಪಡಿಸಿ, ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ. ಆದೇಶ ಕೈಗೆ ಬಂದ ಮೇಲೆ ತಡದ ಶುಲ್ಕದೊಂದಿಗೆ ಅದನ್ನು ಹುಟ್ಟಿದ ಜಾಗದ ನೋಂದಣಾಧಿಕಾರಿಗೇ ಕೊಡಬೇಕು. ಪ್ರಮಾಣಪತ್ರ ಸಿಗುವುದು ಅವರಿಂದ, ದಂಡಾಧಿಕಾರಿಯಿಂದ ಅಲ್ಲ.