24 ವೋಲ್ಟಿನ ಸಂಕೇತವನ್ನು ಮೈಕ್ರೊಕಂಟ್ರೋಲರಿಗೆ ತಂತಿ ಮುಟ್ಟಿಸದೆ ತಿಳಿಸುವುದು ಹೇಗೆ?

ಕನ್ವೇಯರ್ ಬೆಲ್ಟಿನ ಮೇಲೆ ಸಾಗುವ ಪೆಟ್ಟಿಗೆಗಳನ್ನು ಎಣಿಸುವ ಸಣ್ಣದೊಂದು ಬೋರ್ಡನ್ನು ಮೊದಲ ಸಲ ಕಟ್ಟಿದಾಗ, ಸೆನ್ಸರಿನಿಂದ ಬರುವ 24 ವೋಲ್ಟನ್ನು ಎರಡು ರೆಸಿಸ್ಟರುಗಳಲ್ಲಿ ಹಂಚಿ, 3.3 ವೋಲ್ಟಿಗೆ ಇಳಿಸಿ, ಮೈಕ್ರೊಕಂಟ್ರೋಲರಿನ ಪಿನ್ನಿಗೆ ನೇರವಾಗಿ ಕೊಟ್ಟಿದ್ದೆ. ಮೇಜಿನ ಮೇಲೆ ಒಂದು ಲೆಕ್ಕವೂ ತಪ್ಪಲಿಲ್ಲ. ಯಂತ್ರಕ್ಕೆ ಜೋಡಿಸಿದ ಮೇಲೆ ಮಾತ್ರ, ಪಕ್ಕದ ಮೋಟಾರಿನ ಕಾಂಟ್ಯಾಕ್ಟರ್ ಬಿಟ್ಟುಕೊಂಡಾಗಲೆಲ್ಲ, ಬೆಲ್ಟಿನ ಮೇಲೆ ಏನೂ ಇಲ್ಲದಿದ್ದರೂ ಎಣಿಕೆ ಎರಡೋ ಮೂರೋ ಏರುತ್ತಿತ್ತು.

ತಪ್ಪು ರೆಸಿಸ್ಟರುಗಳ ಲೆಕ್ಕದಲ್ಲಿರಲಿಲ್ಲ. ಸೆನ್ಸರಿನ ಸೊನ್ನೆ ವೋಲ್ಟಿನ ತಂತಿಯೇ ಸೊಲೆನಾಯ್ಡುಗಳ ಮತ್ತು ರಿಲೇ ಕಾಯಿಲುಗಳ ಕರೆಂಟನ್ನೂ ಹೊತ್ತು ತರುತ್ತಿತ್ತು. ಆ ಕರೆಂಟು ಥಟ್ಟನೆ ನಿಂತಾಗ ತಂತಿಯ ಎರಡು ತುದಿಗಳ ನಡುವೆಯೇ ಕೆಲವು ವೋಲ್ಟುಗಳ ವ್ಯತ್ಯಾಸ ಹುಟ್ಟುತ್ತದೆ. ಹಾಗಾಗಿ ನನ್ನ ಬೋರ್ಡು ಯಾವುದನ್ನು ನೆಲ ಎಂದು ನಂಬಿತ್ತೋ ಆ ನೆಲವೇ ಕುಣಿಯುತ್ತಿತ್ತು. ಇಂಥ ಕಡೆ ವೋಲ್ಟೇಜನ್ನು ತಗ್ಗಿಸಿದರೆ ಸಾಲದು, ಎರಡು ನೆಲಗಳನ್ನೂ ಬೇರೆ ಮಾಡಬೇಕು. ಆಪ್ಟೊಕಪ್ಲರ್ ಮಾಡುವುದು ಅದನ್ನೇ. ಅದರ ಒಂದು ಬದಿಯಲ್ಲಿ ಅವಕೆಂಪು ಬೆಳಕಿನ ಎಲ್‌ಇಡಿ, ಇನ್ನೊಂದು ಬದಿಯಲ್ಲಿ ಆ ಬೆಳಕಿಗೆ ತೆರೆದುಕೊಳ್ಳುವ ಫೋಟೊಟ್ರಾನ್ಸಿಸ್ಟರ್ ಇರುತ್ತವೆ. ಎರಡರ ನಡುವೆ ದಾಟುವುದು ಬೆಳಕು ಮಾತ್ರ, ತಂತಿಯ ಸಂಪರ್ಕವಿಲ್ಲ.

ಸುಲಭವಾಗಿ ಸಿಗುವ, ನಾಲ್ಕು ಕಾಲಿನ ಪಿಸಿ817 ಅನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಂಡು ಒಂದು ಇನ್‌ಪುಟ್ಟನ್ನು ಪೂರ್ತಿಯಾಗಿ ಕಟ್ಟೋಣ.

ಮೊದಲು, ಎಲ್ಲಿಂದ ಮೇಲೆ ‘ಇದೆ’ ಎನ್ನಬೇಕು?

ರೆಸಿಸ್ಟರ್ ಎಷ್ಟು ಓಮಿನದಿರಬೇಕು ಎಂದು ಹುಡುಕುವ ಮುನ್ನ ಈ ಪ್ರಶ್ನೆಗೆ ಉತ್ತರ ಬೇಕು. ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಪಿಎಲ್‌ಸಿಗಳ ಇನ್‌ಪುಟ್ಟಿಗೆ ಐಇಸಿ 61131-2 ಮಾನದಂಡ ಹೇಳುವ ಮೊದಲನೆಯ ಬಗೆಯ ಪ್ರಕಾರ, 15 ವೋಲ್ಟ್ ಮತ್ತು ಅದಕ್ಕಿಂತ ಹೆಚ್ಚಿದ್ದರೆ ಸಂಕೇತ ಇದೆ, 5 ವೋಲ್ಟಿಗಿಂತ ಕಡಿಮೆಯಿದ್ದರೆ ಇಲ್ಲ. ಮೇಲಿನ ಮಿತಿ 30 ವೋಲ್ಟ್. ನಾವೂ ಇದನ್ನೇ ಗುರಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಸೆನ್ಸರುಗಳನ್ನು ತಯಾರಿಸುವವರು ಇಂಥ ಇನ್‌ಪುಟ್ಟುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ತಯಾರಿಸಿರುತ್ತಾರೆ.

ಬರೀ ಎಲ್‌ಇಡಿ ಮತ್ತು ಅದರ ಸಾಲಿಗೆ ಒಂದು ರೆಸಿಸ್ಟರ್ ಇಟ್ಟರೆ ಈ ಗುರಿ ಈಡೇರುವುದಿಲ್ಲ. ಎಲ್‌ಇಡಿ ಸುಮಾರು 1.1 ವೋಲ್ಟಿನಲ್ಲೇ ಬೆಳಗಲು ತೊಡಗುತ್ತದೆ, ಆದ್ದರಿಂದ ತಂತಿಯಲ್ಲಿ ಮೂರು ನಾಲ್ಕು ವೋಲ್ಟಿನ ಕಸ ಬಂದರೂ ಮೈಕ್ರೊಕಂಟ್ರೋಲರಿಗೆ ಅದು ಸಂಕೇತದಂತೆ ಕಾಣಬಹುದು. ಎರಡು ತಂತಿಯ ಪ್ರಾಕ್ಸಿಮಿಟಿ ಸೆನ್ಸರುಗಳಲ್ಲಿ ಇನ್ನೊಂದು ತೊಡಕಿದೆ. ಆಫ್ ಆಗಿರುವಾಗಲೂ ತಮ್ಮ ಒಳಗಿನ ಸರ್ಕ್ಯೂಟನ್ನು ಜೀವಂತವಾಗಿಡಲು ಅವು 0.8 ಮಿಲಿಆಂಪಿಯರಿನಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಕರೆಂಟನ್ನು ಸೋರಿಸುತ್ತಿರುತ್ತವೆ. ಅಷ್ಟು ಕರೆಂಟು ಎಲ್‌ಇಡಿಗೆ ಹೋದರೆ ಟ್ರಾನ್ಸಿಸ್ಟರ್ ತೆರೆದುಕೊಳ್ಳುತ್ತದೆ. ಸೆನ್ಸರಿನ ಮುಂದೆ ಏನೂ ಇಲ್ಲದಿದ್ದರೂ ಇನ್‌ಪುಟ್ ಸದಾ ಆನ್ ಆಗಿಯೇ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಈ ಸೋರಿಕೆಯನ್ನು.

ಇದಕ್ಕೆ ಪರಿಹಾರ ಒಂದೇ ಒಂದು ರೆಸಿಸ್ಟರ್. ಎಲ್‌ಇಡಿಯ ಎರಡು ಕಾಲುಗಳ ನಡುವೆ, ಅಂದರೆ ಅದಕ್ಕೆ ಸಮಾಂತರವಾಗಿ, 1 ಕಿಲೋಓಮಿನ ರೆಸಿಸ್ಟರನ್ನು ಹಾಕಬೇಕು. 0.8 ಮಿಲಿಆಂಪಿಯರ್ ಅದರ ಮೂಲಕ ಹರಿದರೆ ಅಲ್ಲಿ ನಿಲ್ಲುವುದು 0.8 ವೋಲ್ಟ್ ಮಾತ್ರ. ಎಲ್‌ಇಡಿ ಬೆಳಗಲು ಅದು ಸಾಲದು. ಸೋರಿಕೆ 1.5 ಮಿಲಿಆಂಪಿಯರ್ ಎಂದು ಸೆನ್ಸರಿನ ಮಾಹಿತಿಪತ್ರ ಹೇಳಿದರೆ 1 ಕಿಲೋಓಮಿನ ಬದಲು 680 ಓಮ್ ಹಾಕಬಹುದು.

ಇನ್‌ಪುಟ್ ಬದಿಯ ಲೆಕ್ಕ

ಸಾಲಿನಲ್ಲಿ 2.2 ಕಿಲೋಓಮಿನ, ಕಾಲು ವ್ಯಾಟಿನ ಎರಡು ರೆಸಿಸ್ಟರುಗಳನ್ನು ಒಂದರ ಹಿಂದೊಂದು ಇಡೋಣ. ಒಟ್ಟು 4.4 ಕಿಲೋಓಮ್ ಆಯಿತು. ಒಂದೇ ದೊಡ್ಡ ರೆಸಿಸ್ಟರಿಗಿಂತ ಎರಡನ್ನು ಇಡುವುದೇ ನನಗೆ ಇಷ್ಟ, ಏಕೆಂದರೆ ಬಿಸಿಯೂ ಹಂಚಿಹೋಗುತ್ತದೆ, ಎತ್ತರದ ಸ್ಪೈಕ್ ಬಂದಾಗ ಅದರ ವೋಲ್ಟೇಜೂ ಹಂಚಿಹೋಗುತ್ತದೆ.

24 ವೋಲ್ಟಿನಲ್ಲಿ ಎಲ್‌ಇಡಿಯ 1.2 ವೋಲ್ಟನ್ನು ಕಳೆದರೆ ಉಳಿಯುವುದು 22.8 ವೋಲ್ಟ್, ಅದನ್ನು 4400 ಓಮಿನಿಂದ ಭಾಗಿಸಿದರೆ 5.2 ಮಿಲಿಆಂಪಿಯರ್. ಇದರಲ್ಲಿ 1.2 ಮಿಲಿಆಂಪಿಯರ್ ಸಮಾಂತರ ರೆಸಿಸ್ಟರಿಗೆ ಹೋಗಿ, ಎಲ್‌ಇಡಿಗೆ 4 ಮಿಲಿಆಂಪಿಯರ್ ಸಿಗುತ್ತದೆ. 15 ವೋಲ್ಟಿಗೆ ಇಳಿದಾಗಲೂ ಎಲ್‌ಇಡಿಗೆ 1.9 ಮಿಲಿಆಂಪಿಯರ್ ಉಳಿಯುತ್ತದೆ. 30 ವೋಲ್ಟಿನಲ್ಲಿ ಎರಡೂ ಸಾಲು ರೆಸಿಸ್ಟರುಗಳು ಸೇರಿ ಸುಡುವುದು 0.19 ವ್ಯಾಟ್, ಅಂದರೆ ಒಂದೊಂದಕ್ಕೆ 0.1 ವ್ಯಾಟಿಗಿಂತ ಕಡಿಮೆ. ಎಲ್‌ಇಡಿ ಬೆಳಗಲು ತೊಡಗುವುದು ಸಮಾಂತರ ರೆಸಿಸ್ಟರಿನ ಮೇಲೆ 1.1 ವೋಲ್ಟ್ ಬಂದಾಗ. ಹಾಗಾಗಬೇಕಾದರೆ ಸಾಲಿನಲ್ಲಿ 1.1 ಮಿಲಿಆಂಪಿಯರ್ ಹರಿಯಬೇಕು, ಅದಕ್ಕೆ ತಂತಿಯಲ್ಲಿ ಸುಮಾರು 5.9 ವೋಲ್ಟ್ ಇರಬೇಕು. 5 ವೋಲ್ಟಿಗಿಂತ ಕೆಳಗೆ ಮೌನ, 15ರಲ್ಲಿ ಮಾತು ಎಂಬ ಗುರಿಗೆ ಇದು ಸರಿಹೊಂದುತ್ತದೆ.

ಎಲ್‌ಇಡಿಗೆ ಸಮಾಂತರವಾಗಿ, ಆದರೆ ತಲೆಕೆಳಗಾಗಿ, 1ಎನ್4148 ಡಯೋಡನ್ನೂ ಬೆಸೆಯಬೇಕು. ಪಿಸಿ817ರ ಎಲ್‌ಇಡಿ ತಡೆದುಕೊಳ್ಳುವ ಹಿಮ್ಮುಖ ವೋಲ್ಟೇಜ್ 6 ಮಾತ್ರ. ಯಾರಾದರೂ ತಂತಿಗಳನ್ನು ಅದಲುಬದಲು ಮಾಡಿ 24 ವೋಲ್ಟನ್ನು ಹಿಮ್ಮುಖವಾಗಿ ಕೊಟ್ಟರೆ ನಮ್ಮ 1 ಕಿಲೋಓಮಿನ ರೆಸಿಸ್ಟರೇ ಅದನ್ನು 4.4 ವೋಲ್ಟಿನಲ್ಲಿ ಹಿಡಿದು ನಿಲ್ಲಿಸುತ್ತದೆ ಎಂಬುದು ನಿಜ. ಆದರೆ ಡಯೋಡಿಲ್ಲದ ರಿಲೇ ಕಾಯಿಲು ಬಿಟ್ಟುಕೊಂಡಾಗ ನೂರಾರು ವೋಲ್ಟಿನ ಹಿಮ್ಮುಖ ಒದೆತ ಬರುತ್ತದೆ, ಅದನ್ನು ತಡೆಯುವ ಶಕ್ತಿ ಆ ರೆಸಿಸ್ಟರಿಗಿಲ್ಲ. ಕೆಲವು ಪೈಸೆಗಳ ಡಯೋಡನ್ನು ಇಲ್ಲಿ ಉಳಿಸಲು ಹೋಗಬಾರದು.

ಆನ್ ಆದಾಗ ಔಟ್‌ಪುಟ್ಟಿಗೆ +24 ವೋಲ್ಟನ್ನು ಕೊಡುವ ಪಿಎನ್‌ಪಿ ಸೆನ್ಸರಾದರೆ ಅದರ ಔಟ್‌ಪುಟ್ ತಂತಿಯನ್ನು ಸಾಲು ರೆಸಿಸ್ಟರಿನ ಮೂಲಕ ಎಲ್‌ಇಡಿಯ ಆನೋಡಿಗೂ, ಕ್ಯಾಥೋಡನ್ನು ಸೆನ್ಸರಿನ ಸೊನ್ನೆ ವೋಲ್ಟಿಗೂ ಜೋಡಿಸಬೇಕು. ಔಟ್‌ಪುಟ್ಟನ್ನು ಸೊನ್ನೆ ವೋಲ್ಟಿಗೆ ಎಳೆಯುವ ಎನ್‌ಪಿಎನ್ ಆದರೆ ಸಾಲು ರೆಸಿಸ್ಟರಿನ ತುದಿ +24 ವೋಲ್ಟಿಗೆ, ಕ್ಯಾಥೋಡ್ ಸೆನ್ಸರಿನ ಔಟ್‌ಪುಟ್ಟಿಗೆ.

ಮೈಕ್ರೊಕಂಟ್ರೋಲರಿನ ಬದಿ

ಟ್ರಾನ್ಸಿಸ್ಟರಿನ ಎಮಿಟರನ್ನು ಮೈಕ್ರೊಕಂಟ್ರೋಲರಿನ ನೆಲಕ್ಕೂ, ಕಲೆಕ್ಟರನ್ನು ಪಿನ್ನಿಗೂ ಕೊಟ್ಟು, ಪಿನ್ನಿನಿಂದ 3.3 ವೋಲ್ಟಿಗೆ 10 ಕಿಲೋಓಮಿನ ಪುಲ್‌ಅಪ್ ಹಾಕಬೇಕು. ಸಂಕೇತ ಬಂದಾಗ ಪಿನ್ ಕೆಳಗಿಳಿಯುತ್ತದೆ, ಇಲ್ಲದಾಗ ಮೇಲಿರುತ್ತದೆ, ಅಂದರೆ ತರ್ಕ ತಲೆಕೆಳಗು. ತಂತಿ ತುಂಡಾದಾಗಲೂ ‘ಸಂಕೇತ ಇಲ್ಲ’ ಎಂದೇ ಓದಿಕೊಳ್ಳುತ್ತದೆ ಎಂಬುದನ್ನು ನೆನಪಿಡಬೇಕು.

ಪಿನ್ ಪೂರ್ತಿ ಕೆಳಗಿಳಿಯಬೇಕಾದರೆ ಟ್ರಾನ್ಸಿಸ್ಟರ್ 0.31 ಮಿಲಿಆಂಪಿಯರನ್ನು ಎಳೆಯಬೇಕು. ಎಲ್‌ಇಡಿಯ ಕರೆಂಟಿನಲ್ಲಿ ಶೇಕಡಾ ಎಷ್ಟು ಟ್ರಾನ್ಸಿಸ್ಟರಿನಲ್ಲಿ ಸಿಗುತ್ತದೆ ಎಂಬುದನ್ನು ಸಿಟಿಆರ್ ಎನ್ನುತ್ತಾರೆ. ಪಿಸಿ817ಕ್ಕೆ ಇದು 50ರಿಂದ 600ರವರೆಗೆ ಎಲ್ಲಿ ಬೇಕಾದರೂ ಇರಬಹುದು, ಅದೂ 5 ಮಿಲಿಆಂಪಿಯರಿನಲ್ಲಿ ಅಳೆದಾಗ. ಕರೆಂಟು 2 ಮಿಲಿಆಂಪಿಯರಿಗೆ ಇಳಿದರೆ ಸಿಟಿಆರ್ ಕೂಡ ತಗ್ಗುತ್ತದೆ, ವರ್ಷಗಳು ಕಳೆದಂತೆ ಎಲ್‌ಇಡಿ ಮಂಕಾಗಿ ಇನ್ನಷ್ಟು ತಗ್ಗುತ್ತದೆ. ನಾನು ಮೊದಲನೆಯದಕ್ಕೆ ಮೂರನೇ ಒಂದು ಭಾಗವನ್ನೂ, ಎರಡನೆಯದಕ್ಕೆ ಉಳಿದುದರಲ್ಲಿ ಅರ್ಧವನ್ನೂ ಕಳೆದು ಲೆಕ್ಕ ಹಾಕುತ್ತೇನೆ. ಹಾಗೆ ನೋಡಿದರೆ 50 ಇದ್ದದ್ದು 17ಕ್ಕೆ ಇಳಿಯುತ್ತದೆ, 15 ವೋಲ್ಟಿನಲ್ಲಿ ಸಿಗುವುದು 0.32 ಮಿಲಿಆಂಪಿಯರ್. ಇದು ಕೂದಲೆಳೆಯ ಅಂತರ. ಆದ್ದರಿಂದ ಅಕ್ಷರವಿಲ್ಲದ ಬಿಡಿಭಾಗವನ್ನು ತರದೆ, ಸಿಟಿಆರ್ 130ರಿಂದ 260ರವರೆಗಿನ ‘ಬಿ’ ದರ್ಜೆಯನ್ನೋ, 200ರಿಂದ 400ರವರೆಗಿನ ‘ಸಿ’ ದರ್ಜೆಯನ್ನೋ ಕೇಳಿ ತರಬೇಕು. ‘ಬಿ’ ದರ್ಜೆಯಲ್ಲಿ ಇದೇ ಕಳೆಯುವಿಕೆಯ ನಂತರವೂ 0.8 ಮಿಲಿಆಂಪಿಯರ್ ಉಳಿಯುತ್ತದೆ.

ಬೆಳಕಿನ ಸೇತುವೆ ಎಲ್ಲ ಗದ್ದಲವನ್ನೂ ತಡೆಯುತ್ತದೆ ಎಂದುಕೊಳ್ಳುವುದೂ ತಪ್ಪು. ಎರಡು ಬದಿಗಳ ನಡುವೆ ಸುಮಾರು 0.6 ಪಿಕೊಫ್ಯಾರಡ್ ಧಾರಣೆ ಇದ್ದೇ ಇರುತ್ತದೆ. ಕಾಂಟ್ಯಾಕ್ಟರಿನ ಕಿಡಿಯಿಂದ 50 ನ್ಯಾನೊಸೆಕೆಂಡಿನಲ್ಲಿ 1000 ವೋಲ್ಟ್ ಜಿಗಿದರೆ ಅಷ್ಟು ಸಣ್ಣ ಧಾರಣೆಯ ಮೂಲಕವೂ ಆ ಕ್ಷಣಕ್ಕೆ 12 ಮಿಲಿಆಂಪಿಯರ್ ದಾಟುತ್ತದೆ. ಪಿನ್ನಿನ ಹತ್ತಿರವೇ ನೆಲಕ್ಕೆ 1 ನ್ಯಾನೊಫ್ಯಾರಡ್ ಕೆಪಾಸಿಟರ್ ಇಟ್ಟರೆ ಆ ಕರೆಂಟು ಪಿನ್ನನ್ನು 0.6 ವೋಲ್ಟಿನಷ್ಟು ಮಾತ್ರ ಅಲುಗಿಸಬಲ್ಲದು. ಉಳಿದದ್ದನ್ನು ಪ್ರೋಗ್ರಾಮು ನೋಡಿಕೊಳ್ಳಬೇಕು. ಈ ಪಿನ್ನನ್ನು ಇಂಟರಪ್ಟಿಗೆ ಕಟ್ಟದೆ, ಪ್ರತಿ ಮಿಲಿಸೆಕೆಂಡಿಗೊಮ್ಮೆ ಓದಿ, ಸಂಕೇತ ಇದ್ದರೆ ಒಂದು ಏರುವ, ಇಲ್ಲದಿದ್ದರೆ ಒಂದು ಇಳಿಯುವ ಎಣಿಕೆ ಐದಕ್ಕೆ ಏರಿದಾಗ ಮಾತ್ರ ಆನ್ ಎಂದೂ ಸೊನ್ನೆಗೆ ಇಳಿದಾಗ ಮಾತ್ರ ಆಫ್ ಎಂದೂ ಒಪ್ಪಿಕೊಳ್ಳಬೇಕು.

```c
static uint8_t n = 0;
static bool on = false;

void tick_1ms(void) {
    bool raw = (gpio_read(PIN_S1) == 0);
    if (raw && n < 5) n++;
    else if (!raw && n > 0) n--;
    if (n == 5) on = true;
    if (n == 0) on = false;
}
```

ಸುಮಾರು 5 ಮಿಲಿಸೆಕೆಂಡಿಗಿಂತ ಚಿಕ್ಕ ಸಂಕೇತ ಇದರಲ್ಲಿ ಕಳೆದುಹೋಗುತ್ತದೆ. ಪೆಟ್ಟಿಗೆ ಎಣಿಸಲು ಅದು ಸಾಕು, ವೇಗವಾಗಿ ತಿರುಗುವ ಎನ್‌ಕೋಡರಿಗೆ ಸಾಲದು. ಎನ್‌ಕೋಡರಿಗಾದರೆ ಪಿಸಿ817 ಕೂಡ ಸರಿಯಾದ ಆಯ್ಕೆಯಲ್ಲ. ಮಾಹಿತಿಪತ್ರದಲ್ಲಿ ಕಾಣುವ 4 ಮೈಕ್ರೊಸೆಕೆಂಡು 100 ಓಮಿನ ಲೋಡಿಗೆ ಹೇಳಿದ್ದು, 10 ಕಿಲೋಓಮಿನ ಪುಲ್‌ಅಪ್ ಇದ್ದಾಗ ಪೂರ್ತಿ ತೆರೆದ ಟ್ರಾನ್ಸಿಸ್ಟರ್ ಮುಚ್ಚಿಕೊಳ್ಳಲು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸಮಯ ಹಿಡಿಯುತ್ತದೆ.

ಬೇರ್ಪಡೆ ಕೈತಪ್ಪುವ ಜಾಗಗಳು

ನಾನು ನೋಡಿದ ಕೆಟ್ಟ ಬೋರ್ಡುಗಳಲ್ಲಿ ಹೆಚ್ಚಿನವಕ್ಕೆ ಆಪ್ಟೊಕಪ್ಲರ್ ಇತ್ತು, ಬೇರ್ಪಡೆ ಮಾತ್ರ ಇರಲಿಲ್ಲ. ಸೆನ್ಸರಿನ ಅದೇ 24 ವೋಲ್ಟಿನಿಂದ ವೋಲ್ಟೇಜ್ ಇಳಿಸುವ ಸಾಮಾನ್ಯ ಬಕ್ ಕನ್ವರ್ಟರಿನ ಮೂಲಕ ಮೈಕ್ರೊಕಂಟ್ರೋಲರಿಗೆ ವಿದ್ಯುತ್ ಕೊಟ್ಟರೆ, ಬೆಳಕು ಬೇರೆ ಮಾಡಿದ ಎರಡು ನೆಲಗಳನ್ನು ಆ ಕನ್ವರ್ಟರ್ ಮತ್ತೆ ಒಂದು ಮಾಡಿಬಿಡುತ್ತದೆ. ಬೇರೆಯದೇ ಪವರ್ ಸಪ್ಲೈ ಅಥವಾ ಬೇರ್ಪಡೆಯುಳ್ಳ ಡಿಸಿ-ಡಿಸಿ ಕನ್ವರ್ಟರ್ ಇರಲೇಬೇಕು. ಬೋರ್ಡಿನಲ್ಲಿ ಆಪ್ಟೊಕಪ್ಲರಿನ ಹೊಟ್ಟೆಯ ಕೆಳಗೆ ಯಾವ ತಾಮ್ರವೂ ಹಾದುಹೋಗಬಾರದು, ನೆಲದ ಹಾಸೂ ಅಲ್ಲಿಗೆ ನುಗ್ಗಬಾರದು. ವಿದ್ಯುತ್ತನ್ನೆಲ್ಲ ಆರಿಸಿ, ಎರಡು ಸೊನ್ನೆ ವೋಲ್ಟುಗಳ ನಡುವೆ ಮಲ್ಟಿಮೀಟರಿನಿಂದ ರೆಸಿಸ್ಟೆನ್ಸ್ ಅಳೆಯಿರಿ. ಮುಳ್ಳು ಕದಲಿದರೆ ಅಥವಾ ಅಂಕಿ ಮೂಡಿದರೆ ಎಲ್ಲೋ ಸೇತುವೆ ಬಿದ್ದಿದೆ ಎಂದರ್ಥ. ಈ ಪರೀಕ್ಷೆಯಲ್ಲಿ ಗೆದ್ದ ಬೋರ್ಡೂ ಪ್ರೋಗ್ರಾಮ್ ತುಂಬಲು ಅರ್ತಿಂಗ್ ಇರುವ ಕಂಪ್ಯೂಟರಿನ ಯುಎಸ್‌ಬಿ ಚುಚ್ಚಿದಾಗ ಸೋಲಬಹುದು, ಏಕೆಂದರೆ ಕ್ಯಾಬಿನೆಟ್ಟಿನೊಳಗೆ 24 ವೋಲ್ಟಿನ ಸೊನ್ನೆಯನ್ನೂ ಅರ್ತಿಗೆ ಕಟ್ಟಿರುವುದು ಸಾಮಾನ್ಯ.

ಕೊನೆಗೆ, ಸೆನ್ಸರಿನ ಜಾಗದಲ್ಲಿ ಬದಲಿಸಬಲ್ಲ ಪವರ್ ಸಪ್ಲೈ ಇಟ್ಟು, ಸೊನ್ನೆಯಿಂದ ನಿಧಾನವಾಗಿ ಏರಿಸುತ್ತ ಪಿನ್ನಿನ ವೋಲ್ಟೇಜನ್ನು ಗಮನಿಸಬೇಕು. 5 ವೋಲ್ಟಿನವರೆಗೆ ಅದು 3.3ರಲ್ಲೇ ನಿಂತಿದ್ದು, 7 ಅಥವಾ 8 ವೋಲ್ಟಿನ ಆಸುಪಾಸಿನಲ್ಲಿ ಕುಸಿದು, 15ರ ಹೊತ್ತಿಗೆ 0.3 ವೋಲ್ಟಿಗಿಂತ ಕೆಳಗಿರಬೇಕು. 15ರಲ್ಲೂ ಪಿನ್ ಒಂದೂವರೆ ವೋಲ್ಟಿನಲ್ಲೇ ತೂಗಾಡುತ್ತಿದ್ದರೆ ಆಪ್ಟೊಕಪ್ಲರಿನ ದರ್ಜೆಯನ್ನೂ ಪುಲ್‌ಅಪ್ ರೆಸಿಸ್ಟರ್ ಎಷ್ಟು ಓಮಿನದು ಎಂಬುದನ್ನೂ ನೋಡಬೇಕು. 3 ಅಥವಾ 4 ವೋಲ್ಟಿನಲ್ಲೇ ಕುಸಿದರೆ ಎಲ್‌ಇಡಿಯ ಸಮಾಂತರದ 1 ಕಿಲೋಓಮ್ ರೆಸಿಸ್ಟರಿನ ಬೆಸುಗೆ ಕೂತಿಲ್ಲ.