ತೋಟದ ಪಂಪಿಗೆ ಕಾಣುವ ಕರೆಂಟು: ಹೀಟರ್ ಮತ್ತು ಕೆಪಾಸಿಟರ್ ಹಿಡಿದು ಥೆವೆನಿನ್ ಅಳೆದದ್ದು

ಶಿರಸಿ ಕಡೆಯ ಅಡಿಕೆ ತೋಟಗಳ ಪಾಡು ಗೊತ್ತಿರುವವರಿಗೆ ಇದು ಹೊಸದಲ್ಲ. ಮನೆ ಮೇಲೆ, ತೋಟ ಕೆಳಗೆ ಕಣಿವೆಯಲ್ಲಿ. ಟ್ರಾನ್ಸ್‌ಫಾರ್ಮರ್ ಎಲ್ಲೋ ದೂರದಲ್ಲಿ. ಪಂಪಿನ ಸ್ವಿಚ್ ಹಾಕಿದರೆ ಮೋಟರ್ ಹೂಂ ಅನ್ನುತ್ತದೆ, ತಿರುಗುವುದಿಲ್ಲ. ಮೀಟರ್ ಹಿಡಿದು ನೋಡಿದರೆ ಮೋಟರ್ ಹಾಕದೇ ಇದ್ದಾಗ 232 ವೋಲ್ಟ್ ಸರಿಯಾಗೇ ಇರುತ್ತದೆ. ನನ್ನ ಭಾವನ ತೋಟದಲ್ಲೂ ಇದೇ ಕತೆ. ಒಂದು ಎಚ್‌ಪಿ ಪಂಪು ಹಳೆಯದಾಗಿತ್ತು, ಎರಡು ಎಚ್‌ಪಿದು ತರುವ ಯೋಚನೆ ಮಾಡಿದ್ದ. "ವೋಲ್ಟೇಜು ಬರ್ತಾ ಇದೆಯಲ್ಲ ಮಾರಾಯ, ಮತ್ತೆಂತ ತೊಂದರೆ?" ಅಂತ ಕೇಳಿದ.

ತೊಂದರೆ ಇರುವುದು ಆ 232ರಲ್ಲಿ ಅಲ್ಲ, ಅದರ ಹಿಂದೆ ಕೂತ ಇಂಪೀಡೆನ್ಸಿನಲ್ಲಿ. ಪಂಪಿನ ಎರಡು ತಂತಿಗಳಿಂದ ಹಿಂದಕ್ಕೆ ನೋಡಿದರೆ ಕೇಬಲ್, ಸರ್ವೀಸ್ ವೈರು, ಕಂಬದ ಲೈನು, ಟ್ರಾನ್ಸ್‌ಫಾರ್ಮರ್, ದಾರಿಯಲ್ಲಿ ಸಿಗುವ ಅಕ್ಕಪಕ್ಕದ ಮನೆಗಳು ಎಲ್ಲ ಇವೆ. ಆದರೆ ಪಂಪಿಗೆ ಅದ್ಯಾವುದೂ ಬೇಡ. ಅದರ ಮಟ್ಟಿಗೆ ಅಲ್ಲಿರುವುದು ಒಂದು ವೋಲ್ಟೇಜ್ ಮೂಲ, ಅದರ ಜೊತೆ ಸರಣಿಯಲ್ಲಿ ಒಂದು ಇಂಪೀಡೆನ್ಸ್, ಅಷ್ಟೇ. ಇದೇ ಥೆವೆನಿನ್ ಸಮಾನ ಮೂಲ. ಕಾಲೇಜಿನಲ್ಲಿ ಇದನ್ನು ಸರ್ಕ್ಯೂಟ್ ಚಿತ್ರ ನೋಡಿ ಲೆಕ್ಕ ಹಾಕುತ್ತೇವೆ. ತೋಟದಲ್ಲಿ ಚಿತ್ರ ಯಾರ ಹತ್ತಿರವೂ ಇರುವುದಿಲ್ಲ. ಆದ್ದರಿಂದ ಹೊರಗಿನಿಂದಲೇ ಅಳೆಯಬೇಕು.

ಎಸಿಯಲ್ಲಿ ಆ ಇಂಪೀಡೆನ್ಸಿಗೆ ಎರಡು ಭಾಗ: ರೆಸಿಸ್ಟೆನ್ಸ್ ಮತ್ತು ರಿಯಾಕ್ಟೆನ್ಸ್. ನಮ್ಮ ಮಲ್ಟಿಮೀಟರ್ ತೋರಿಸುವುದು ವೋಲ್ಟೇಜಿನ ಪ್ರಮಾಣ ಮಾತ್ರ, ಕೋನ ಅಲ್ಲ. ಹಾಗಾಗಿ ಒಂದೇ ಲೋಡ್ ಹಾಕಿ ನೋಡಿದರೆ ಎರಡೂ ಸಿಗುವುದಿಲ್ಲ. ನಾನು ಎರಡು ಬೇರೆ ಥರದ ಲೋಡ್ ಹಿಡಿದೆ.

ಮೊದಲನೆಯದು 2 ಕಿಲೋವ್ಯಾಟ್ ನೀರು ಕಾಯಿಸುವ ಹೀಟರ್. ಅದು ಹೆಚ್ಚುಕಮ್ಮಿ ಶುದ್ಧ ರೆಸಿಸ್ಟೆನ್ಸ್, 26.5 ಓಮ್. ಬಕೆಟ್ಟಿನ ನೀರಲ್ಲಿ ಮುಳುಗಿಸಿ ಪಂಪಿನ ಸ್ಟಾರ್ಟರಿನ ತುದಿಗೆ ಜೋಡಿಸಿದೆ. 232 ಇದ್ದದ್ದು 217.2ಕ್ಕೆ ಇಳಿಯಿತು, ಕರೆಂಟು 8.2 ಆಂಪಿಯರ್. ಇಳಿದದ್ದು 14.8 ವೋಲ್ಟ್. ಭಾಗಿಸಿದರೆ 1.8 ಓಮ್.

ಇದನ್ನೇ ಇಂಪೀಡೆನ್ಸ್ ಅಂದುಕೊಂಡು ಸುಮ್ಮನಾಗುವವರೇ ಜಾಸ್ತಿ. ಆದರೆ ಇದು ಅದರ ರೆಸಿಸ್ಟೆನ್ಸ್ ಭಾಗ ಮಾತ್ರ. ಹೀಟರಿನ ಕರೆಂಟು ವೋಲ್ಟೇಜಿನ ಜೊತೆಗೇ ಏರಿಳಿಯುತ್ತದೆ. ಆ ಕರೆಂಟು ಲೈನಿನ ರೆಸಿಸ್ಟೆನ್ಸಿನಲ್ಲಿ ಮಾಡುವ ಇಳಿತ ವೋಲ್ಟೇಜಿನ ದಿಕ್ಕಿನಲ್ಲೇ ಬಂದು ನೇರವಾಗಿ ಕಳೆಯುತ್ತದೆ. ರಿಯಾಕ್ಟೆನ್ಸಿನಲ್ಲಿ ಮಾಡುವ ಇಳಿತ 90 ಡಿಗ್ರಿ ಅಡ್ಡಕ್ಕೆ ನಿಲ್ಲುತ್ತದೆ. ಫೇಸರ್ ಎಳೆದು ನೋಡಿ: 217ರ ಉದ್ದದ ಗೆರೆಗೆ ಅಡ್ಡವಾಗಿ ನಾಲ್ಕು ವೋಲ್ಟಿನ ಗೆರೆ ಸೇರಿಸಿದರೆ ಒಟ್ಟು ಉದ್ದ ಬದಲಾಗುವುದೇ ಇಲ್ಲ ಅನ್ನಬಹುದು. ಮೀಟರಿಗೆ ಅದು ಕಾಣುವುದಿಲ್ಲ.

ಅದನ್ನು ಕಾಣಿಸಲು ಕೆಪಾಸಿಟರ್ ಬೇಕು. ಮೋಟರಿಗೆ ಹಾಕುವ 50 ಮೈಕ್ರೋಫ್ಯಾರಡ್, 440 ವೋಲ್ಟಿನ ರನ್ ಕೆಪಾಸಿಟರ್ ಎರಡನ್ನು ಸಮಾಂತರವಾಗಿ ಕಟ್ಟಿದೆ. ಸ್ಟಾರ್ಟಿಂಗಿನ ಕಪ್ಪು ಡಬ್ಬಿಯ ಕೆಪಾಸಿಟರ್ ಇದಕ್ಕೆ ಬೇಡ, ಅದು ಒಂದೆರಡು ಸೆಕೆಂಡಿನ ಕೆಲಸಕ್ಕೆ ಮಾಡಿದ್ದು. ಒಟ್ಟು 100 ಮೈಕ್ರೋಫ್ಯಾರಡ್, 50 ಹರ್ಟ್ಸ್‌ಗೆ 31.8 ಓಮ್. ಸ್ವಿಚ್ ಹಾಕಿದಾಗ ವೋಲ್ಟೇಜು 232ರಿಂದ 235.3ಕ್ಕೆ ಏರಿತು. ಲೋಡ್ ಹಾಕಿದರೆ ವೋಲ್ಟೇಜು ಏರುವುದೇ? ಪಕ್ಕದಲ್ಲಿ ನಿಂತಿದ್ದ ಭಾವ ಮೀಟರ್ ಹಾಳಾಗಿದೆ ಅಂತ ತೀರ್ಮಾನಿಸಿದ.

ಮೀಟರ್ ಸರಿಯಿತ್ತು. ಕೆಪಾಸಿಟರಿನ ಕರೆಂಟು ವೋಲ್ಟೇಜಿಗಿಂತ 90 ಡಿಗ್ರಿ ಮುಂದೆ ಹೋಗುತ್ತದೆ. ಲೈನಿನ ರಿಯಾಕ್ಟೆನ್ಸ್ ಅದಕ್ಕೆ ಇನ್ನೂ 90 ಡಿಗ್ರಿ ಸೇರಿಸುತ್ತದೆ. ಒಟ್ಟು 180 ಆಯಿತಲ್ವಾ, ಅಂದರೆ ಇಳಿತವೇ ತಿರುಗಿ ಏರಿಕೆಯಾಯಿತು. ಈ ಸಲ ಅಡ್ಡಕ್ಕೆ ನಿಂತದ್ದು ರೆಸಿಸ್ಟೆನ್ಸಿನ ಇಳಿತ. ಕರೆಂಟು 7.4 ಆಂಪಿಯರ್. ಏರಿದ 3.3 ವೋಲ್ಟನ್ನು ಅದರಿಂದ ಭಾಗಿಸಿದರೆ 0.45 ಓಮ್. ಆದರೆ ಇಲ್ಲಿ ಅಡ್ಡದ ಗೆರೆ ತೀರಾ ಸಣ್ಣದಲ್ಲ: 7.4 ಗುಣಿಸು 1.8, ಅಂದರೆ 13.3 ವೋಲ್ಟ್. ಅದು ಏರಿಕೆಯಲ್ಲಿ 0.4 ವೋಲ್ಟಿನಷ್ಟು ತಿಂದುಹಾಕಿರುತ್ತದೆ. ಅದನ್ನು ವಾಪಸು ಸೇರಿಸಿದರೆ 0.5 ಓಮ್. ಹೀಗೆ ಪಂಪಿನ ತುದಿಯಲ್ಲಿ ಸಿಕ್ಕಿದ್ದು ಇದು; Vth ಮೂಲದ ವೋಲ್ಟೇಜು, Zth ಅದರ ಹಿಂದಿನ ಇಂಪೀಡೆನ್ಸ್, j ಹಚ್ಚಿದ್ದು ರಿಯಾಕ್ಟೆನ್ಸ್ ಭಾಗ:

```
Vth = 232 V
Zth = 1.8 + j0.5 ohm
```

ಅಳೆಯುವಾಗ ಕಾಟ ಕೊಡುವುದು ಲೈನಿನ ವೋಲ್ಟೇಜೇ. ಯಾರೋ ಎಲ್ಲೋ ಮಿಕ್ಸರ್ ಹಾಕಿದರೂ ಅದು ಒಂದೆರಡು ವೋಲ್ಟ್ ಅಲ್ಲಾಡುತ್ತದೆ. ನಾವು ಹುಡುಕುತ್ತಿರುವುದೇ ಮೂರು ವೋಲ್ಟ್. ಅದಕ್ಕೆ ಸ್ವಿಚ್ ಹಾಕುವುದು, ತೆಗೆಯುವುದು ಬೇಗ ಬೇಗ ಮಾಡಿ, ಪ್ರತಿ ಸಲ ಹಾಕುವ ಮೊದಲಿನ ಮತ್ತು ನಂತರದ ಅಂಕಿ ಬರೆದು ಸರಾಸರಿ ತೆಗೆಯಬೇಕು. ಬೆಳಿಗ್ಗೆ ಹೀಟರ್, ಸಂಜೆ ಕೆಪಾಸಿಟರ್ ಅಂತ ಮಾಡಿದರೆ ಪ್ರಯೋಜನ ಇಲ್ಲ. ಇನ್ನೊಂದು ಮಾತು: ತೆಗೆದ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು. ಮುಟ್ಟುವ ಮೊದಲು ಅದಕ್ಕೆ ಅಡ್ಡಲಾಗಿ ಒಂದು ಬಲ್ಬ್ ಹಿಡಿದು ಖಾಲಿ ಮಾಡಿ.

ಮೋಟರಿನ ಲೆಕ್ಕಕ್ಕೆ ಬರುತ್ತೇನೆ. ಓಡುವಾಗಿನ ಕರೆಂಟು ಇಲ್ಲಿ ಮುಖ್ಯ ಅಲ್ಲ, ಹೊರಡುವಾಗಿನದು ಮುಖ್ಯ. ಪೇಟೆಯ ರೀವೈಂಡಿಂಗ್ ಅಂಗಡಿಯಲ್ಲಿ ಎರಡು ಎಚ್‌ಪಿ ಮೋಟರ್ ಒಂದರ ಶಾಫ್ಟ್ ತಿರುಗದ ಹಾಗೆ ಬಿಗಿದು, ವೋಲ್ಟೇಜನ್ನು ಬೇಕಾದಷ್ಟಕ್ಕೆ ತಿರುಗಿಸಿ ಇಡುವ ವೇರಿಯಾಕ್‌ನಿಂದ 60 ವೋಲ್ಟ್ ಮಾತ್ರ ಕೊಟ್ಟು ನೋಡಿದೆವು. 14.35 ಆಂಪಿಯರ್, 515 ವ್ಯಾಟ್. ಇದರಿಂದ ನಿಂತ ಮೋಟರಿನ ಇಂಪೀಡೆನ್ಸ್ 2.5 + j3.35, ಪ್ರಮಾಣ 4.18 ಓಮ್. ಈಗ ಥೆವೆನಿನ್ ಜೊತೆ ಸೇರಿಸುವುದು ಬರೀ ಕೂಡುವ ಲೆಕ್ಕ. ರೆಸಿಸ್ಟೆನ್ಸಿಗೆ ರೆಸಿಸ್ಟೆನ್ಸ್, ರಿಯಾಕ್ಟೆನ್ಸಿಗೆ ರಿಯಾಕ್ಟೆನ್ಸ್:

```
Z = 4.3 + j3.85,  |Z| = 5.77 ohm
I = 232 / 5.77 = 40.2 A
V = 40.2 x 4.18 = 168 V
```

ಮೋಟರಿಗೆ ಹೊರಡುವ ಹೊತ್ತಿಗೆ ಸಿಗುವುದು 168 ವೋಲ್ಟ್. ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇರುವುದರಿಂದ, 230 ಇದ್ದಾಗಿನ ಬಲದ ಅರ್ಧಕ್ಕಿಂತ ಸ್ವಲ್ಪ ಮೇಲೆ. ಇದು ಬೆಳಗಿನ ಲೆಕ್ಕ. ಸಂಜೆ ಎಲ್ಲರೂ ಲೈಟು, ಪಂಪು ಹಾಕಿದ ಮೇಲೆ ಲೋಡ್ ಇಲ್ಲದ ವೋಲ್ಟೇಜೇ 205ಕ್ಕೆ ಬರುತ್ತದೆ. ಪಕ್ಕದವರ ಲೋಡುಗಳು ಹತ್ತಿಪ್ಪತ್ತು ಓಮಿನವು, ಲೈನಿನ ಒಂದು ಓಮಿಗೆ ಸಮಾಂತರವಾಗಿ ಕೂತರೆ Zth ಅಷ್ಟೇನೂ ಬದಲಾಗುವುದಿಲ್ಲ. ಬೀಳುವುದು Vth. ಆಗ ಮೋಟರಿಗೆ 148 ವೋಲ್ಟ್, ಬಲ 42 ಶೇಕಡಾ. ಹೂಂ ಅನ್ನುವುದು ಇಲ್ಲೇ.

"ಹಾಗಾದ್ರೆ ಸ್ಟೆಬಿಲೈಸರ್ ಹಾಕಿದ್ರೆ ಆಯ್ತಲ್ಲ" ಅಂದ ಭಾವ. ಎಲ್ಲರೂ ಹೇಳುವುದು ಇದನ್ನೇ. ಸ್ಟೆಬಿಲೈಸರ್ ಅಂದರೆ ಆಟೋ ಟ್ರಾನ್ಸ್‌ಫಾರ್ಮರ್. 205ನ್ನು 1.15 ಪಟ್ಟು ಮಾಡಿ 236 ತೋರಿಸುತ್ತದೆ, ಮುಳ್ಳು ಹಸಿರಿನಲ್ಲಿ ನಿಲ್ಲುತ್ತದೆ. ಆದರೆ ಅದರ ಹಿಂದಿನ ಇಂಪೀಡೆನ್ಸ್ 1.15ರ ವರ್ಗದಷ್ಟು, ಅಂದರೆ 1.32 ಪಟ್ಟು ಆಗುತ್ತದೆ. ವೋಲ್ಟೇಜು ಏರಿಸಿದಷ್ಟೂ ಲೈನಿನಿಂದ ಕರೆಂಟು ಹೆಚ್ಚು ಎಳೆಯುತ್ತದಲ್ಲ, ಅದರ ಫಲ ಇದು. ಲೆಕ್ಕ ಹಾಕಿದರೆ ಹೊರಡುವಾಗ 156 ವೋಲ್ಟ್. ಲೋಡ್ ಇಲ್ಲದಾಗ 31 ವೋಲ್ಟ್ ಗಳಿಸಿದ ಹಾಗೆ ಕಾಣುತ್ತದೆ, ಮೋಟರಿಗೆ ತಲುಪುವುದು 8. ಸ್ಟೆಬಿಲೈಸರಿನ ಸ್ವಂತ ಇಂಪೀಡೆನ್ಸನ್ನು ನಾನಿಲ್ಲಿ ಸೇರಿಸಿಯೇ ಇಲ್ಲ.

ಅಷ್ಟರಲ್ಲಿ ಹೀಟರನ್ನು ಮನೆಯ ಮೀಟರ್ ಬೋರ್ಡಿನ ಹತ್ತಿರ ಒಯ್ದು ಮತ್ತೆ ಅಳೆದಿದ್ದೆ. ಅಲ್ಲಿ 232 ಇಳಿದದ್ದು 224.3ಕ್ಕೆ, ರೆಸಿಸ್ಟೆನ್ಸ್ 0.9 ಓಮ್. ಅಂದರೆ 1.8ರಲ್ಲಿ ಅರ್ಧ ಮಾತ್ರ ಕಂಬದ ಲೈನಿನದು. ಉಳಿದರ್ಧ ಮನೆಯಿಂದ ತೋಟಕ್ಕೆ ಇಳಿದ ನಮ್ಮದೇ ಕೇಬಲ್ಲಿನದು. 4 ಚದರ ಮಿಲಿಮೀಟರಿನ ತಾಮ್ರದ ಫ್ಲಾಟ್ ಕೇಬಲ್, 90 ಮೀಟರ್. ಕಿಲೋಮೀಟರಿಗೆ 4.95 ಓಮ್, ಹೋಗಿ ಬರುವ ಎರಡು ತಂತಿ ಸೇರಿ 0.89. ಅಳತೆ, ಲೆಕ್ಕ ಎರಡೂ ಸರಿಯಾಗಿ ಕೂತವು. ಇಷ್ಟು ದಿನ ಬೈಗುಳ ಎಲ್ಲ ಲೈನಿಗೇ ಹೋಗುತ್ತಿತ್ತು.

ಇದೇ ಕೇಬಲ್ಲನ್ನು 10 ಚದರ ಮಿಲಿಮೀಟರಿಗೆ ಏರಿಸಿದರೆ 0.34 ಓಮ್. Zth 1.24 + j0.5 ಆಗುತ್ತದೆ. ಹೊರಡುವ ವೋಲ್ಟೇಜು ಬೆಳಿಗ್ಗೆ 181, ಸಂಜೆ 160. ಅಂದರೆ ಸಂಜೆ ಹೊತ್ತು ಸ್ಟೆಬಿಲೈಸರಿಗಿಂತ ಸ್ವಲ್ಪ ಹೆಚ್ಚೇ ಕೇಬಲ್ಲು ಕೊಡುತ್ತದೆ, ಲೈನಿನಿಂದ ಅದರಷ್ಟು ಕರೆಂಟು ಎಳೆಯದೇ. ಕೇಬಲ್ಲಿಗೆ ದುಡ್ಡು ಜಾಸ್ತಿ, ನಿಜ. ಆದರೆ ಸಿಡಿಲಿಗೆ ಸುಟ್ಟುಹೋಗುವ ಸ್ಟೆಬಿಲೈಸರಿಗಿಂತ ಅದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಮಳೆಗಾಲ ನೋಡಿದವರು ಒಪ್ಪಬಹುದು.

ಗರಿಷ್ಠ ಶಕ್ತಿ ಬೇಕಾದರೆ ಲೋಡನ್ನು Zth ನ ಕಾಂಜುಗೇಟಿಗೆ ಸರಿಹೊಂದಿಸಬೇಕು ಅಂತ ಓದಿದ ಹುಡುಗರು ಇಲ್ಲಿ ಕೇಳುವುದುಂಟು. ಮಾಡಿದರೆ ಲೈನಿನಲ್ಲೂ ಕೇಬಲ್ಲಿನಲ್ಲೂ ಸೇರಿ ಲೋಡಿನಷ್ಟೇ ಶಕ್ತಿ ಸುಡುತ್ತದೆ. ರೇಡಿಯೋ ಆಂಟೆನಾಗೆ ಅದು ಸರಿ, ಪಂಪಿಗೆ ಅಲ್ಲ.

ಕೊನೆಗೆ ಹಾಕಿದ್ದು 10ರ ಕೇಬಲ್ಲು ಮತ್ತು ಎರಡು ಎಚ್‌ಪಿ ಪಂಪು. ಕನಿಷ್ಠ ವೋಲ್ಟೇಜು ಹಿಡಿದಿಡುವ ಮೀಟರ್ ಜೋಡಿಸಿ ಬೆಳಿಗ್ಗೆ ಸ್ವಿಚ್ ಹಾಕಿದಾಗ ಬಂದದ್ದು 176. ಲೆಕ್ಕ ಹೇಳಿದ್ದು 181. ಈ ಐದು ವೋಲ್ಟಿಗೆ ಕಾರಣ ಬಹುಮಟ್ಟಿಗೆ ಅಂಗಡಿಯ ಅಳತೆ. ಅದನ್ನು ತೆಗೆದದ್ದು 60 ವೋಲ್ಟಿನಲ್ಲಿ. ಪೂರ್ತಿ ವೋಲ್ಟೇಜಿನ ದೊಡ್ಡ ಕರೆಂಟಿಗೆ ಮೋಟರಿನ ಕಬ್ಬಿಣದ ಹಲ್ಲುಗಳ ತುದಿ ಸ್ಯಾಚುರೇಟ್ ಆಗಿ ಅದರ ರಿಯಾಕ್ಟೆನ್ಸ್ ಕುಗ್ಗುತ್ತದೆ, ಮೋಟರ್ ಇನ್ನಷ್ಟು ಕರೆಂಟು ಎಳೆಯುತ್ತದೆ. ಥೆವೆನಿನ್ ಲೈನಿನ ಕಡೆಗೆ ಸರಿಯಾಗೇ ಇದೆ, ಲೋಡೇ ಒಂದು ಅಂಕಿಗೆ ಕಟ್ಟುಬೀಳುವುದಿಲ್ಲ. ಹಾಗಾಗಿ ಈಗ ಹೀಗೆ ಸಿಕ್ಕ ಹೊರಡುವ ವೋಲ್ಟೇಜಿನಲ್ಲಿ ಐದಾರು ವೋಲ್ಟ್ ಕಡಿಮೆಯೇ ಇಟ್ಟುಕೊಂಡು ಪಂಪು ಆರಿಸುತ್ತೇನೆ.