ಬ್ಲ್ಯಾಕ್‌ಜಾಕ್: ಮೇಜಿನ ಮೇಲಿನ ಬರಹ ಮೊದಲು ಓದಿ
ತುಮಕೂರಿಂದ ಗೋವಾ ಕ್ಯಾಸಿನೋಗೆ ಹೋಗುವವರು ಬ್ಲ್ಯಾಕ್‌ಜಾಕ್ ಇಸ್ಪೀಟಾಟದ ಮೇಜಿನ ಬಟ್ಟೆ ಮೇಲೆ 3:2 ಅಂತ ಇದೆಯಾ, 6:5 ಅಂತಲಾ ನೋಡಿಯೇ ಕೂರಿ. ಎಕ್ಕದ ಜೊತೆ ಹತ್ತೋ ಗುಲಾಮನೋ ರಾಣಿಯೋ ರಾಜನೋ ಬಿದ್ದರೆ, 1000 ರೂಪಾಯಿ ಪಣಕ್ಕೆ ಮೊದಲನೆಯದು 1500 ಕೊಡುತ್ತದೆ, ಎರಡನೆಯದು ಬರೀ 1200. ಈ ಜೋಡಿ ಸುಮಾರು 21 ಆಟಕ್ಕೊಮ್ಮೆ ಬರುತ್ತದೆ. ಅಂದರೆ ಆಟಕ್ಕೆ 14 ರೂಪಾಯಿ ಸುಮ್ನೆ ಹೋಯ್ತು. ಯಾವ ಎಲೆಗೆ ಏನು ಆಡಬೇಕೆಂದು ಹೇಳುವ ಬೇಸಿಕ್ ಸ್ಟ್ರಾಟಜಿ ತಪ್ಪದೆ ಆಡಿದರೂ ಕ್ಯಾಸಿನೋದ ಲಾಭ ಅರ್ಧ ಪರ್ಸೆಂಟಿನಿಂದ ಹತ್ತಿರ ಹತ್ತಿರ ಎರಡಕ್ಕೆ ಏರುತ್ತದೆ. ಆದರೆ 3:2 ಮೇಜಿನ ಕನಿಷ್ಠ ಪಣ 2500, 6:5ರದ್ದು 500 ಇದ್ದರೆ ಲೆಕ್ಕ ಉಲ್ಟಾ. ಆಗ ಆಟಕ್ಕೆ ಸರಾಸರಿ ನಷ್ಟ ಅಲ್ಲಿ ಹನ್ನೆರಡೂವರೆ ರೂಪಾಯಿ, ಇಲ್ಲಿ ಹತ್ತರೊಳಗೆ. ಎರಡು ಕಡೆಯೂ ಕಳೆಯೋದು ನಾವೇ, ಅದು ಬೇರೆ ಮಾತು.